ಫಲಕವಿಲ್ಲದ ಓಣಿಗೆ ಅಗ್ನಿಶಾಮಕ ವಾಹನವನ್ನು ಕರೆಯುವ ಬಗೆ

ಧಾರವಾಡ, ಹುಬ್ಬಳ್ಳಿ, ಗದಗಗಳ ಹಳೆಯ ಓಣಿಗಳಲ್ಲಿ ವಾಸಿಸುವ ನಮ್ಮ ಬಂಧುಗಳು ಮನೆಯ ಗುರುತನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ: "ಬಸವಣ್ಣನ ಗುಡಿಯ ಹಿಂದಿನ ಓಣಿ." ನೆಂಟರಿಗೆ ಇಷ್ಟು ಸಾಕು. ಆದರೆ ಬಸವಣ್ಣನ ಗುಡಿಯಿಲ್ಲದ ಕೇರಿ ನಮ್ಮಲ್ಲಿ ಎಲ್ಲಿದೆ? ಬೆಂಕಿ ಬಿದ್ದ ಗಳಿಗೆಯಲ್ಲಿ ಇದೇ ಗುರುತನ್ನು ಕೊಟ್ಟರೆ ಅಗ್ನಿಶಾಮಕ ವಾಹನವು ಮತ್ತೊಂದು ಗುಡಿಯ ಮುಂದೆ ಹೋಗಿ ನಿಂತೀತು.

ಅಗ್ನಿಶಾಮಕ ಸೇವೆಯ ಸಂಖ್ಯೆ 101. ಎಲ್ಲ ಬಗೆಯ ತುರ್ತು ನೆರವಿಗೆ 112 ಕೂಡ ಇದೆ. ಕರೆಯನ್ನು ಸ್ವೀಕರಿಸಿದವರು ನಮ್ಮ ಊರಿನವರೇ ಆಗಿರಬೇಕೆಂದಿಲ್ಲ. ದೂರದ ನಿಯಂತ್ರಣ ಕೊಠಡಿಯಲ್ಲಿ ಕುಳಿತವರೂ ಆಗಿರಬಹುದು. ಆದುದರಿಂದ ಮಾತನ್ನು ಓಣಿಯಿಂದ ಆರಂಭಿಸದೆ ಜಿಲ್ಲೆಯಿಂದ ಆರಂಭಿಸಬೇಕು. ಮನೆಯವರೆಲ್ಲ ಹೊರಗೆ ಬಂದ ಮೇಲೆ, ಹೊರಗಿನಿಂದಲೇ ಕರೆ ಮಾಡತಕ್ಕದ್ದು.

ಗದಗಿನ ಒಂದು ಮನೆಯಲ್ಲಿ ರಾತ್ರಿ ಅಡುಗೆಮನೆಗೆ ಬೆಂಕಿ ಹತ್ತಿತೆಂದು ಭಾವಿಸೋಣ. ಮನೆಯ ಯಜಮಾನರು ಹೇಳಬೇಕಾದುದು ಹೀಗೆ: "ಗದಗ ಜಿಲ್ಲೆ, ಗದಗ ನಗರ. ಅಡುಗೆಮನೆಗೆ ಬೆಂಕಿ ಬಿದ್ದಿದೆ, ಒಳಗೆ ಗ್ಯಾಸ್ ಸಿಲಿಂಡರ್ ಇದೆ, ಜನರೆಲ್ಲ ಹೊರಗೆ ಬಂದಿದ್ದೇವೆ. ಬಸ್ ನಿಲ್ದಾಣದ ಕಡೆಯಿಂದ ಬರುವಾಗ ಪೆಟ್ರೋಲ್ ಬಂಕ್ ದಾಟಿ ಎಡಗಡೆಗೆ ಎರಡನೆಯ ಓಣಿ. ಓಣಿಯ ಬಾಯಲ್ಲಿ ಹಿಟ್ಟಿನ ಗಿರಣಿ ಇದೆ. ಓಣಿ ಇಕ್ಕಟ್ಟು, ಲಾರಿ ಒಳಗೆ ಬಾರದು. ಗಿರಣಿಯಿಂದ ಮನೆಗೆ ಅರವತ್ತು ಹೆಜ್ಜೆ." ಬಂಕಿನ ಹೆಸರು, ಬಡಾವಣೆಯ ಹೆಸರು, ತಮ್ಮ ಫೋನ್ ಸಂಖ್ಯೆ ಇವನ್ನೂ ಸೇರಿಸಬೇಕು.

ಇಲ್ಲಿ "ಎಡಗಡೆ" ಎಂಬ ಮಾತನ್ನು ಗಮನಿಸಿರಿ. ಯಾವ ಕಡೆಯಿಂದ ಬರುವಾಗ ಎಂದು ಹೇಳದಿದ್ದರೆ ಎಡವೇ ಬಲವಾಗುತ್ತದೆ. ಮನೆಯಿಂದ ಹೊರಡುವವರ ದಾರಿಯನ್ನಲ್ಲ, ಮುಖ್ಯರಸ್ತೆಯಿಂದ ಬರುವವರ ದಾರಿಯನ್ನು ಹೇಳಬೇಕು. ಗುರುತು ಕೂಡ ರಾತ್ರಿಯಲ್ಲಿ ಕಾಣುವಂಥದಿರಲಿ. ಬಂಕಿಗೆ ದೀಪವಿರುತ್ತದೆ, ಬೇವಿನ ಮರಕ್ಕಿರುವುದಿಲ್ಲ. ಎಂದೋ ಕೆಡವಿದ ಟಾಕೀಸಿನ ಹೆಸರು ಹಿರಿಯರ ಬಾಯಲ್ಲಿ ಇನ್ನೂ ಓಡಾಡುತ್ತದೆಯಷ್ಟೇ. ಹೊಸ ಚಾಲಕನಿಗೆ ಅದು ಕಾಣುವುದೆಲ್ಲಿಂದ!

ಓಣಿಯ ಅಗಲವನ್ನು ಹೇಳುವುದಕ್ಕೂ ಕಾರಣವುಂಟು. ದೊಡ್ಡ ಅಗ್ನಿಶಾಮಕ ವಾಹನವು ಸುಮಾರು 8 ಅಡಿ ಅಗಲವಿರುತ್ತದೆ. ಒಳಗೆ ಬಾರದೆಂದು ಮೊದಲೇ ತಿಳಿದರೆ ಸಿಬ್ಬಂದಿಯು ಬಾಯಲ್ಲಿಯೇ ವಾಹನ ನಿಲ್ಲಿಸಿ, ನೀರಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಬರಲು ಅಣಿಯಾಗುವರು. ಹೆಜ್ಜೆಯ ಲೆಕ್ಕ ಆಗ ಅವರ ನೆರವಿಗೆ ಬರುತ್ತದೆ.

ಗಾಬರಿಯಲ್ಲಿ "ಬೇಗ ಬನ್ನಿರಿ" ಎಂದು ಫೋನ್ ಇಟ್ಟುಬಿಡುವುದೇ ಹೆಚ್ಚು. ಅತ್ತಲಿನವರು ವಿಳಾಸವನ್ನು ತಿರುಗಿ ಹೇಳುವವರೆಗೆ ಇಡಬಾರದು. ಅನಂತರ ಆ ಫೋನಿನಿಂದ ಬಂಧುಗಳಿಗೆ ಸುದ್ದಿ ಹೇಳುತ್ತ ನಿಲ್ಲದಿರಿ. ದಾರಿ ತಪ್ಪಿದ ಚಾಲಕನು ಅದೇ ಸಂಖ್ಯೆಗೆ ಕರೆಮಾಡುವನು. ಅಷ್ಟರಲ್ಲಿ ಒಬ್ಬರು ಓಣಿಯ ಸ್ಕೂಟರುಗಳನ್ನು ಸರಿಸಲಿ, ಇನ್ನೊಬ್ಬರು ಬ್ಯಾಟರಿ ಹಿಡಿದು ಗಿರಣಿಯ ಮುಂದೆ ನಿಲ್ಲಲಿ.