ಹದಿನೆಂಟು ಲಕ್ಷದಲ್ಲಿ ಕೈಗೆ ಬರುವುದೆಷ್ಟು?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಬದಲಿಸಲು ಹೊರಟವರಿಗೆ ಮೊದಲ ಫೋನಿನಲ್ಲೇ ಮೂರು ಪ್ರಶ್ನೆ ಬರುತ್ತವೆ. ಈಗಿನ ಸಿಟಿಸಿ ಎಷ್ಟು, ಎಷ್ಟು ನಿರೀಕ್ಷಿಸುತ್ತೀರಿ, ನೋಟಿಸ್ ಪೀರಿಯಡ್ ಎಷ್ಟು ದಿನ? ನನ್ನ ಅಕ್ಕನ ಮಗಳು ಹೋದ ಸಲ ಎರಡನೇ ಪ್ರಶ್ನೆಗೆ ಬಾಯಿಗೆ ಬಂದ ಅಂಕಿ ಹೇಳಿಬಿಟ್ಟಿದ್ದಳು. ಅದಕ್ಕೇ ಒಪ್ಪಿಕೊಂಡರು. ಸೇರಿದ ಮೇಲೆ, ಅದೇ ಕೆಲಸ ಮಾಡುವ ಪಕ್ಕದ ಮೇಜಿನ ಹುಡುಗನಿಗೆ ಮೂರು ಲಕ್ಷ ಹೆಚ್ಚು ಅಂತ ಗೊತ್ತಾಯಿತು.

ಈ ಸಲ ಅವಳು ಫೋನ್ ಬರುವ ಮೊದಲೇ ಕೂತು ಲೆಕ್ಕ ಹಾಕಿದಳು. ಐದು ವರ್ಷದ ಅನುಭವ, ಜಾವಾ ಕೆಲಸ, ಸಿಟಿಸಿ 12 ಲಕ್ಷ. ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್ ನೋಡಿದಳು. ಅಲ್ಲಿನ ಸರಾಸರಿಯನ್ನು ಹಾಗೇ ನಂಬುವಂತಿಲ್ಲ. ಒಂದೇ ಹುದ್ದೆಯ ಹೆಸರಿನಡಿ ಎರಡು ವರ್ಷದವರೂ ಎಂಟು ವರ್ಷದವರೂ ಸೇರಿರುತ್ತಾರೆ, ಹಳೆಯ ಸಂಬಳಗಳೂ ಉಳಿದಿರುತ್ತವೆ. ಊರು ಮತ್ತು ಅನುಭವದ ವರ್ಷ ಆರಿಸಿಕೊಂಡು ನೋಡಿದರೆ ಮಾತ್ರ ಒಂದು ಅಂದಾಜು ಸಿಗುತ್ತದೆ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಹಳೆಯ ಸಹೋದ್ಯೋಗಿಗಳು. "ನಿನ್ನ ಸಂಬಳ ಎಷ್ಟು?" ಅಂದರೆ ಯಾರಿಗೂ ಮುಜುಗರ. "ನನ್ನಂಥವರಿಗೆ ನಿಮ್ಮಲ್ಲಿ ಎಷ್ಟು ಕೊಡಬಹುದು?" ಅಂದರೆ ಬಿಚ್ಚಿ ಹೇಳುತ್ತಾರೆ. ಆರು ಜನರನ್ನು ಕೇಳಿದ ಮೇಲೆ 17ರಿಂದ 22 ಲಕ್ಷ ಅಂತ ತಿಳಿಯಿತು.

ಹಾಗಾಗಿ ಎಚ್‌ಆರ್ ಫೋನ್ ಮಾಡಿದಾಗ ಅವಳೇ ಕೇಳಿದಳು: "ಈ ಹುದ್ದೆಗೆ ನಿಮ್ಮ ಬಜೆಟ್ ಎಷ್ಟಿದೆ ಮೇಡಂ?" ಅವರು 20ರವರೆಗೆ ಅಂದರು. ಎಲ್ಲರೂ ಹೇಳುವುದಿಲ್ಲ, ಆದರೆ ಕೇಳಿದರೆ ನಷ್ಟವೇನಿಲ್ಲ. ಈಗಿನ ಸಂಬಳವನ್ನು ಮಾತ್ರ ಅವಳು ಇದ್ದಂತೆಯೇ ಹೇಳಿದಳು. ಅದನ್ನು ಏರಿಸಿ ಹೇಳುವವರಿದ್ದಾರೆ. ಪೇ ಸ್ಲಿಪ್, ಫಾರ್ಮ್ 16 ಕೇಳಿದಾಗ ಸಿಕ್ಕಿಬೀಳುತ್ತಾರೆ, ಕೈಗೆ ಬಂದ ಆಫರ್ ವಾಪಸ್ಸಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅಭ್ಯರ್ಥಿಯ ಹಳೆಯ ಸಂಬಳ ಕೇಳುವುದಕ್ಕೇ ಕಾನೂನಿನ ತಡೆಯಿದೆ. ನಮ್ಮಲ್ಲಿ ಅಂಥದ್ದಿಲ್ಲ, ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಹಳೆಯ ಸಂಬಳದ ಮೇಲೆ ಇಷ್ಟು ಶೇಕಡಾ ಅಂತ ಏರಿಸುತ್ತ ಹೋದರೆ, ಮೊದಲ ಕೆಲಸದಲ್ಲಿ ಕಡಿಮೆ ಪಡೆದವರು ಮುಂದೆಲ್ಲ ಕಡಿಮೆಯನ್ನೇ ಪಡೆಯುತ್ತಾರೆ.

ಬಂದ ಆಫರ್ 18 ಲಕ್ಷದ್ದು. "ಐವತ್ತು ಪರ್ಸೆಂಟ್ ಹೈಕ್!" ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ಅವಳು ಸಂಬಳದ ವಿವರದ ಹಾಳೆ ತರಿಸಿಕೊಂಡು ನನ್ನೆದುರು ಬಿಡಿಸಿದಳು. ಬೇಸಿಕ್ 7.2 ಲಕ್ಷ. ಅದರ ಶೇ 12, ಅಂದರೆ 86,400 ರೂಪಾಯಿ, ಕಂಪನಿ ಕಟ್ಟುವ ಪಿಎಫ್. ಶೇ 4.81ರ ಲೆಕ್ಕದಲ್ಲಿ ಗ್ರಾಚ್ಯುಟಿ 34,632. ವರ್ಷದ ಕೊನೆಗೆ ಸಾಧನೆ ನೋಡಿ ಕೊಡುವ ವೇರಿಯಬಲ್ 1.8 ಲಕ್ಷ. ಆರೋಗ್ಯ ವಿಮೆಯ ಕಂತು 20,000. ಒಂದು ಲಕ್ಷ ಜಾಯಿನಿಂಗ್ ಬೋನಸ್, ಅದೂ ಇದರೊಳಗೇ. ಇವೆಲ್ಲ ಕಳೆದರೆ ತಿಂಗಳಿಗೆ ಸುಮಾರು 1,14,900. ಅವಳ ಪಾಲಿನ ಪಿಎಫ್, ತೆರಿಗೆ ಇನ್ನೂ ಅದರಲ್ಲೇ ಕಳೆಯಬೇಕು. ಹಳೆಯ ಕೆಲಸವನ್ನೂ ಹೀಗೇ ಬಿಡಿಸಿದರೆ 83,300 ಬಂತು. ಐವತ್ತು ಅಂದುಕೊಂಡ ಏರಿಕೆ ಮೂವತ್ತೆಂಟಕ್ಕೆ ಇಳಿಯಿತು.

ಜಾಯಿನಿಂಗ್ ಬೋನಸ್ ಒಂದೇ ಸಲ ಸಿಗುವ ಹಣ. ಎರಡನೇ ವರ್ಷ ಅದಿಲ್ಲ, ವರ್ಷದೊಳಗೆ ಕೆಲಸ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತೂ ಸಾಮಾನ್ಯ. ಆದ್ದರಿಂದ ಅವಳು ಚೌಕಾಸಿಗೆ ಹಿಡಿದದ್ದು ಅದನ್ನೇ.

ಎಚ್‌ಆರ್, "ಆಗಲೇ ಐವತ್ತು ಪರ್ಸೆಂಟ್ ಕೊಟ್ಟಿದ್ದೇವಲ್ಲ?" ಅಂದರು.

"ಹೌದು ಮೇಡಂ, ಕೆಲಸವೂ ಇಷ್ಟವಾಗಿದೆ. ಆದರೆ ಬೋನಸ್ ತೆಗೆದರೆ ಇದು 17 ಲಕ್ಷ. ಈ ಅನುಭವಕ್ಕೆ ಹೊರಗೆ 22ರವರೆಗೂ ಇದೆ. ಬೋನಸ್ಸನ್ನು ಸಿಟಿಸಿಯಿಂದ ಹೊರಗಿಟ್ಟು 19 ಮಾಡಿಕೊಟ್ಟರೆ ಇವತ್ತೇ ಒಪ್ಪಿಗೆ ಕಳಿಸುತ್ತೇನೆ."

ಅಷ್ಟು ಹೇಳಿ ಸುಮ್ಮನಾದಳು. ಆ ಮೌನ ಕಷ್ಟದ್ದು. ಅದನ್ನು ತುಂಬಲು ಹೋಗಿ "ಆಗದಿದ್ದರೂ ಪರವಾಗಿಲ್ಲ" ಅಂದುಬಿಡುವವರೇ ಹೆಚ್ಚು. ಮನೆಯ ಸಾಲ, ಮದುವೆ ಖರ್ಚಿನ ಮಾತನ್ನೂ ಅವಳು ಎತ್ತಲಿಲ್ಲ. ಎಚ್‌ಆರ್ ತಮ್ಮ ಮೇಲಿನವರ ಹತ್ತಿರ ಒಯ್ಯಬಹುದಾದದ್ದು ಮಾರುಕಟ್ಟೆಯ ಕಾರಣವನ್ನು ಮಾತ್ರ.

ಎರಡು ದಿನದ ನಂತರ 18.5 ಲಕ್ಷ, ಬೋನಸ್ ಬೇರೆ ಅಂತ ಉತ್ತರ ಬಂತು. ಸಿಟಿಸಿ ಏರಿದ್ದು ಐವತ್ತೇ ಸಾವಿರ. ತಿಂಗಳ ಲೆಕ್ಕದಲ್ಲಿ 1,26,700 ಆಯಿತು, ಸುಮಾರು ಹನ್ನೆರಡು ಸಾವಿರ ಹೆಚ್ಚು.

ಎಲ್ಲರಿಗೂ ಹೀಗೆ ಆಗುವುದಿಲ್ಲ. ಕಾಲೇಜಿನಿಂದ ನೇರ ಸೇರುವವರಿಗೆ ಒಂದೇ ದರ ಗೊತ್ತುಮಾಡಿರುತ್ತಾರೆ. ಕೈಯಲ್ಲಿ ಕೆಲಸವಿಲ್ಲದವರು ಇಷ್ಟು ಹೊತ್ತು ಕಾಯಲಾರರು. ಅವಳೂ ಹೊಸ ಅಂಕಿ ಫೋನಿನಲ್ಲಿ ಕೇಳಿದ ದಿನ ರಾಜೀನಾಮೆ ಕೊಡಲಿಲ್ಲ. ತಿದ್ದಿದ ಆಫರ್ ಲೆಟರ್ ಮೇಲ್‌ಗೆ ಬಂದು, ಬೋನಸ್ಸಿನ ಸಾಲು ಸಿಟಿಸಿಯ ಕೆಳಗೆ ಬೇರೆಯಾಗಿ ಇದೆಯೇ ಅಂತ ನೋಡಿಕೊಂಡ ಮೇಲೆ ಮ್ಯಾನೇಜರ್‌ಗೆ ತಿಳಿಸಿದಳು. ಅಲ್ಲಿಂದ 90 ದಿನದ ನೋಟಿಸ್ ಶುರುವಾಯಿತು.