ಇಯರ್‌ಬಡ್ ಪದೇ ಪದೇ ಕೈಕೊಡುವುದೇಕೆ?

ಫೋನಿನಲ್ಲಿ ಹಾಡು ಹಾಕಿ ಇಯರ್‌ಬಡ್ ಕಿವಿಗಿಟ್ಟರೆ ಸದ್ದೇ ಇಲ್ಲ. ನೋಡಿದರೆ ಅದು ಪಕ್ಕದ ಕೋಣೆಯ ಲ್ಯಾಪ್‌ಟಾಪಿಗೆ ಕನೆಕ್ಟ್ ಆಗಿರುತ್ತದೆ. ಇನ್ನು ಕೆಲವರಿಗೆ ಮಾತಿನ ನಡುವೆಯೇ ಸಂಪರ್ಕ ಕಡಿಯುತ್ತದೆ. ಯಾರನ್ನು ಕೇಳಿದರೂ ‘ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿ’ ಎನ್ನುತ್ತಾರೆ. ಈ ಮದ್ದು ಕೆಲಸ ಮಾಡುವುದು ಒಂದು ಬಗೆಯ ತೊಂದರೆಗೆ ಮಾತ್ರ. ಉಳಿದವಕ್ಕೆ ಮಾಡಿದರೆ ಮನೆಯ ವೈಫೈ ಪಾಸ್‌ವರ್ಡ್ ಹುಡುಕುವ ಕೆಲಸ ಹೆಚ್ಚುತ್ತದೆ ಅಷ್ಟೆ.

ಮೊದಲ ಸಲ ಪೇರ್ ಮಾಡಿದಾಗ ಫೋನು ಮತ್ತು ಇಯರ್‌ಬಡ್ ಸೇರಿ ಒಂದು ರಹಸ್ಯ ಕೀಲಿಯನ್ನು ಸಿದ್ಧಪಡಿಸಿಕೊಳ್ಳುತ್ತವೆ. ಆ ಕೀಲಿ ಎರಡರ ಮೆಮೊರಿಯಲ್ಲೂ ಉಳಿಯುತ್ತದೆ. ಮುಂದೆ ಕೇಸ್ ತೆರೆದಾಗಲೆಲ್ಲ ಅವು ಆ ಕೀಲಿಯಿಂದಲೇ ಒಂದನ್ನೊಂದು ಗುರುತಿಸುತ್ತವೆ. ಇಯರ್‌ಬಡ್ ಒಂದೇ ಸಾಧನವನ್ನಲ್ಲ, ಹಿಂದೆ ಪೇರ್ ಆದ ಹಲವು ಸಾಧನಗಳನ್ನು ನೆನಪಿಟ್ಟುಕೊಂಡಿರುತ್ತದೆ. ಕೇಸ್‌ನಿಂದ ಹೊರಬಂದೊಡನೆ ಸಾಮಾನ್ಯವಾಗಿ ಕೊನೆಯ ಸಲ ಕನೆಕ್ಟ್ ಆಗಿದ್ದ ಸಾಧನವನ್ನೇ ಮೊದಲು ಹುಡುಕುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ರಾತ್ರಿ ಆನ್‌ಲೈನ್ ತರಗತಿಗೆಂದು ಅಮ್ಮನ ಇಯರ್‌ಬಡ್ ಅನ್ನು ತನ್ನ ಲ್ಯಾಪ್‌ಟಾಪಿಗೆ ಪೇರ್ ಮಾಡಿದಳು. ಬೆಳಿಗ್ಗೆ ಅಮ್ಮ ಕೇಸ್ ತೆರೆದಾಗ ಲ್ಯಾಪ್‌ಟಾಪ್ ಇನ್ನೂ ಆನ್ ಆಗಿದೆ. ಇಯರ್‌ಬಡ್ ನೇರವಾಗಿ ಅದನ್ನೇ ಸೇರುತ್ತದೆ. ಅಮ್ಮ ತನ್ನ ಫೋನಿನ ನೆಟ್‌ವರ್ಕ್ ರೀಸೆಟ್ ಮಾಡಿದರೆ ಅಳಿಯುವುದು ಫೋನಿನಲ್ಲಿದ್ದ ಕೀಲಿ ಮಾತ್ರ. ಲ್ಯಾಪ್‌ಟಾಪಿನ ನೆನಪು ಹಾಗೇ ಇರುತ್ತದೆ, ಇಯರ್‌ಬಡ್‌ನದೂ ಹಾಗೇ ಇರುತ್ತದೆ. ಮರುದಿನವೂ ಅದೇ ಕಥೆ.

ಇಲ್ಲಿ ಲ್ಯಾಪ್‌ಟಾಪಿನ ಬ್ಲೂಟೂತ್ ಆಫ್ ಮಾಡಿದರೆ ಆ ಹೊತ್ತಿಗೆ ಸಾಕು. ಶಾಶ್ವತ ಪರಿಹಾರ ಬೇಕಿದ್ದರೆ ವಿಂಡೋಸ್ ಲ್ಯಾಪ್‌ಟಾಪಿನ ಬ್ಲೂಟೂತ್ ಪಟ್ಟಿಯಲ್ಲಿ ಇಯರ್‌ಬಡ್ ಹೆಸರಿನ ಪಕ್ಕ Remove device ಒತ್ತಬೇಕು, ಫೋನಿನಲ್ಲಿ Forget ಅಥವಾ Unpair ಒತ್ತಬೇಕು. ಆಮೇಲೆ ಇಯರ್‌ಬಡ್ ಅನ್ನೇ ರೀಸೆಟ್ ಮಾಡಿ, ಫೋನಿಗೆ ಹೊಸದಾಗಿ ಪೇರ್ ಮಾಡಬೇಕು. ಅದನ್ನು ರೀಸೆಟ್ ಮಾಡಲು ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಡಬ್ಬಿಯೊಳಗಿನ ಪುಸ್ತಿಕೆಯಲ್ಲಿ ಅದಿರುತ್ತದೆ. ಏಕಕಾಲಕ್ಕೆ ಎರಡು ಸಾಧನಗಳಿಗೆ ಕನೆಕ್ಟ್ ಆಗುವ ‘ಮಲ್ಟಿಪಾಯಿಂಟ್’ ಸೌಲಭ್ಯವಿದ್ದರೆ, ಲ್ಯಾಪ್‌ಟಾಪಿಗೆ ಬಂದ ಒಂದು ನೋಟಿಫಿಕೇಶನ್ ಸದ್ದೂ ಫೋನಿನ ಹಾಡನ್ನು ತಡೆಯಬಹುದು. ಬೇಡವೆನಿಸಿದರೆ ಕಂಪನಿಯ ಆ್ಯಪ್‌ನಲ್ಲಿ ಅದನ್ನು ಆಫ್ ಮಾಡಿ.

ನಡುನಡುವೆ ಕಡಿಯುವ ತೊಂದರೆಗೆ ಕಾರಣ ಬೇರೆ. ಬ್ಲೂಟೂತ್ ಬಳಸುವುದು 2.4 ಗಿಗಾಹರ್ಟ್ಸ್ ತರಂಗಗಳನ್ನು. ನಮ್ಮ ಮೈಯಲ್ಲಿರುವ ನೀರು ಇವನ್ನು ಹೀರಿಕೊಳ್ಳುತ್ತದೆ. ಫೋನು ಪ್ಯಾಂಟಿನ ಹಿಂದಿನ ಜೇಬಿನಲ್ಲಿದ್ದಾಗ ಸದ್ದು ತುಂಡುತುಂಡಾಗುವುದು ಇದರಿಂದಲೇ. ಹಲವು ವೈಫೈ ರೂಟರ್‌ಗಳು ಮತ್ತು ಮೈಕ್ರೋವೇವ್ ಓವನ್ ಬಳಸುವುದೂ ಇದೇ ತರಂಗಗಳನ್ನು. ಅದಕ್ಕೇ ಮೊದಲು ರೂಟರ್‌ನಿಂದ ದೂರ ಹೋಗಿ, ಫೋನನ್ನು ಎದುರಿಗಿಟ್ಟುಕೊಂಡು ಕೇಳಿ ನೋಡಿ. ಸರಿಯಾದರೆ ತೊಂದರೆ ಜಾಗದ್ದು, ಯಾವ ಸೆಟ್ಟಿಂಗೂ ಬದಲಿಸಬೇಕಿಲ್ಲ.

ಎದುರಿಗಿಟ್ಟರೂ ಕಡಿದರೆ ಇಯರ್‌ಬಡ್ ಅನ್ನು ಮನೆಯ ಇನ್ನೊಂದು ಫೋನಿಗೆ ಪೇರ್ ಮಾಡಿ ಅರ್ಧ ಗಂಟೆ ಕೇಳಿ. ಅಲ್ಲೂ ಕಡಿದರೆ ದೋಷ ಇಯರ್‌ಬಡ್‌ನದು. ಬ್ಯಾಟರಿ ಸೋತಿರಬಹುದು, ಅಥವಾ ಚಾರ್ಜ್ ಆಗುವ ಲೋಹದ ಚುಕ್ಕೆಗಳ ಮೇಲೆ ಬೆವರು, ಕೊಳೆ ಕೂತಿರಬಹುದು. ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ. ಇನ್ನೊಂದು ಫೋನಿನಲ್ಲಿ ಸರಿಯಾಗಿ ಕೇಳಿ ನಿಮ್ಮದರಲ್ಲಿ ಮಾತ್ರ ಕಡಿದರೆ, ನಿಮ್ಮ ಫೋನಿನಲ್ಲಿ Forget ಒತ್ತಿ, ಫೋನ್ ರೀಸ್ಟಾರ್ಟ್ ಮಾಡಿ ಮತ್ತೆ ಪೇರ್ ಮಾಡಿ.

ಇಷ್ಟಾದ ಮೇಲೂ ಸರಿಹೋಗದೆ, ಕಾರಿನ ಸ್ಟೀರಿಯೋ, ಸ್ಪೀಕರ್ ಮುಂತಾದವೂ ಅದೇ ಫೋನಿಗೆ ನಿಲ್ಲದಿದ್ದರೆ ಫೋನಿನ ಬ್ಲೂಟೂತ್ ದಾಖಲೆಗಳೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಈ ಅನುಮಾನ ಇನ್ನೂ ಗಟ್ಟಿ. ನೆಟ್‌ವರ್ಕ್ ರೀಸೆಟ್ ನಿಜಕ್ಕೂ ನೆರವಾಗುವುದು ಆಗ. ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ Reset ಎಂದು ಹುಡುಕಿದರೆ Reset network settings ಸಿಗುತ್ತದೆ. ಹೊಸ ಫೋನುಗಳಲ್ಲಿ ವೈಫೈ ಮತ್ತು ಬ್ಲೂಟೂತ್‌ಗಷ್ಟೇ ಬೇರೆ ರೀಸೆಟ್ ಇದ್ದರೆ ಅದನ್ನೇ ಆರಿಸಿ.

ಇದರಿಂದ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೂ ಪೇರ್ ಮಾಡಿದ ಎಲ್ಲ ಬ್ಲೂಟೂತ್ ಸಾಧನಗಳೂ ಅಳಿಯುತ್ತವೆ. ಫೋಟೊ, ಮೆಸೇಜು, ಫೋನ್ ನಂಬರುಗಳು ಹಾಗೇ ಉಳಿಯುತ್ತವೆ. ಇ-ಸಿಮ್ ಅಳಿಸುವ ಆಯ್ಕೆ ಕಂಡರೆ ಅದಕ್ಕೆ ಟಿಕ್ ಹಾಕಬೇಡಿ. ಮುಗಿದ ಮೇಲೆ ಇಯರ್‌ಬಡ್ ಅನ್ನೂ ರೀಸೆಟ್ ಮಾಡಿಯೇ ಪೇರ್ ಮಾಡಿ. ಇಲ್ಲದಿದ್ದರೆ ಅದರೊಳಗಿನ ಹಳೆಯ ಕೀಲಿ ಹೊಸ ಜೋಡಣೆಗೆ ಅಡ್ಡಿಯಾಗಬಹುದು.

ರೀಸೆಟ್ ಒತ್ತುವ ಮೊದಲು ವೈಫೈ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಇನ್ನೊಂದು ಫೋನಿನಲ್ಲೂ ಇಯರ್‌ಬಡ್ ಕಡಿಯುತ್ತಿದ್ದರೆ ಮಾತ್ರ ರೀಸೆಟ್ ಗೊಡವೆಗೇ ಹೋಗದೆ, ವಾರಂಟಿ ಮುಗಿಯುವ ಮೊದಲು ಸರ್ವಿಸ್ ಸೆಂಟರಿಗೆ ಒಯ್ಯಿರಿ.