ಹನ್ನೆರಡ್ ಹನ್ನೆರಡ್ಲ ನೂರ ನಲವತ್ನಾಲ್ಕು

ಪಡಿತರ ಅಕ್ಕಿಯ ಗೋದಾಮಿಗೆ ತಪಾಸಣೆಗೆ ಬಂದ ಅಧಿಕಾರಿ ಮೂಟೆಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. ಅಟ್ಟಿಯ ಸುತ್ತ ಒಂದು ಸುತ್ತು ಬರುತ್ತಾರೆ, ಎರಡು ಬದಿಯ ಚೀಲ ಎಣಿಸುತ್ತಾರೆ, ಕೆಳಗಿನಿಂದ ಮೇಲಕ್ಕೆ ವರಸೆ ಎಣಿಸುತ್ತಾರೆ. ಹತ್ತು ನಿಮಿಷದಲ್ಲಿ ಸುಮಾರು ಮೂರು ಸಾವಿರ ಮೂಟೆಯ ಲೆಕ್ಕ ಮುಗಿಯುತ್ತದೆ. ಹಮಾಲರು ಅಟ್ಟಿ ಹಾಕುವಾಗಲೇ ಆ ಲೆಕ್ಕವನ್ನು ಅದರೊಳಗೆ ಕೂಡಿಸಿಟ್ಟಿರುತ್ತಾರೆ. ಅದಕ್ಕೇ ಇದು ಸಾಧ್ಯ.

ನಮ್ಮ ದೇಶದ ಧಾನ್ಯ ಗೋದಾಮುಗಳಲ್ಲಿ ಅಟ್ಟಿಯ ರೂಢಿಯ ಅಳತೆ 30 ಅಡಿ ಉದ್ದ, 20 ಅಡಿ ಅಗಲ. ಅಷ್ಟು ಜಾಗಕ್ಕೆ ನೆಲದ ಮೇಲೆ ಬಣ್ಣದ ಗೆರೆ ಎಳೆದಿರುತ್ತಾರೆ. ಗೆರೆಯೊಳಗೆ ಮೊದಲು ಮರದ ಹಲಗೆಯ ಚೌಕಟ್ಟುಗಳನ್ನು ಹಾಸಬೇಕು. ಕಾಂಕ್ರೀಟ್ ನೆಲ ನೋಡಲು ಒಣಗಿದ್ದರೂ ಮಳೆಗಾಲದಲ್ಲಿ ತೇವ ಮೇಲೇಳುತ್ತದೆ. ಹಲಗೆ ಇಲ್ಲದಿದ್ದರೆ ತಳದ ಮೂಟೆಯ ಅಕ್ಕಿ ಮುಗ್ಗಿ ಗಂಟುಕಟ್ಟುತ್ತದೆ, ಮತ್ತು ಅದು ಗೊತ್ತಾಗುವುದು ಅಟ್ಟಿ ಪೂರ್ತಿ ಖಾಲಿಯಾದ ದಿನ.

50 ಕಿಲೋ ಅಕ್ಕಿ ತುಂಬಿ ಹೊಲಿದ ಸೆಣಬಿನ ಚೀಲ ಮಲಗಿಸಿದರೆ ಸುಮಾರು ಎರಡೂವರೆ ಅಡಿ ಉದ್ದ, ಒಂದು ಅಡಿ ಎಂಟು ಅಂಗುಲ ಅಗಲ ಬರುತ್ತದೆ. ಮೊದಲ ವರಸೆಯಲ್ಲಿ ಚೀಲಗಳನ್ನು ಅಟ್ಟಿಯ ಉದ್ದಕ್ಕೆ ಮಲಗಿಸಿದರೆ ಉದ್ದಕ್ಕೆ 12, ಅಗಲಕ್ಕೆ 12, ಒಟ್ಟು 144. ಎರಡನೇ ವರಸೆಯನ್ನು ಅಡ್ಡಕ್ಕೆ ತಿರುಗಿಸಬೇಕು. ಆಗ ಉದ್ದದ ಬದಿಗೆ 18, ಅಗಲದ ಬದಿಗೆ 8 ಹಿಡಿಯುತ್ತವೆ. ಗುಣಿಸಿದರೆ ಮತ್ತೆ 144! ಹೀಗೆ ಒಂದು ಉದ್ದ, ಒಂದು ಅಡ್ಡ ಎಂದು ಹೋದರೆ ಮೇಲಿನ ಚೀಲ ಕೆಳಗಿನ ಎರಡು ಚೀಲಗಳ ಸಂದನ್ನು ಒತ್ತಿ ಹಿಡಿಯುತ್ತದೆ. ಇಟ್ಟಿಗೆ ಗೋಡೆಯ ಉಪಾಯವೇ ಇದು. ಅಂಚಿನ ಚೀಲಗಳ ಬಾಯಿ ಒಳಮುಖವಾಗಿರಬೇಕು. ಹೊಲಿಗೆ ಬಿಚ್ಚಿದರೂ ಕಾಳು ಹೊರಗೆ ಸುರಿಯದು, ಯಾರೂ ಬೆರಳು ತೂರಿಸಲಾಗದು.

ಎತ್ತರಕ್ಕೆ ಮಿತಿ ಉಂಟು. 50 ಕಿಲೋ ಚೀಲಕ್ಕೆ ಸಾಮಾನ್ಯವಾಗಿ 20 ವರಸೆ, ಅಂದರೆ ಸುಮಾರು 12 ಅಡಿ. ಆಗ ತಳದ ಒಂದು ಚೀಲದ ಮೇಲೆ 19 ಚೀಲ, ಅಂದರೆ 950 ಕಿಲೋ ಕೂತಿರುತ್ತದೆ. ಇನ್ನೂ ಏರಿಸಿದರೆ ಹೊಲಿಗೆ ಬಿರಿಯುತ್ತದೆ, ಅಟ್ಟಿ ಒಂದು ಮಗ್ಗುಲಿಗೆ ವಾಲುತ್ತದೆ. ಪ್ಲಾಸ್ಟಿಕ್ ನೂಲಿನ ಚೀಲ ಜಾರುವುದರಿಂದ ಅದನ್ನು ಇಷ್ಟು ಎತ್ತರ ಒಟ್ಟುವಂತಿಲ್ಲ. ಕೊನೆಯ ಎರಡು ವರಸೆಗಳನ್ನು ಸುತ್ತಲೂ ಅರ್ಧ ಚೀಲದಷ್ಟು ಒಳಕ್ಕೆ ಸರಿಸುತ್ತಾರೆ. ಅಂಚಿನ ಚೀಲ ಆಳಿನ ತಲೆ ಮೇಲೆ ಉರುಳಬಾರದಲ್ಲ!

ಈಗ ಲೆಕ್ಕ ನೋಡಿ. ಕೆಳಗಿನ 18 ವರಸೆಗೆ 2592 ಮೂಟೆ. ಒಳಸರಿದ ಎರಡರಲ್ಲಿ ಒಂದಕ್ಕೆ 11ರ ಹನ್ನೊಂದು, 121. ಇನ್ನೊಂದಕ್ಕೆ 17ರ ಏಳು, 119. ಒಟ್ಟು 2832 ಮೂಟೆ, 141.6 ಟನ್. ಅಟ್ಟಿಗೆ ತೂಗುಹಾಕಿದ ಚೀಟಿಯಲ್ಲಿ ಇದೇ ಅಂಕಿ ಇರಬೇಕು.

ಇನ್ನು ಓಣಿಗಳ ಮಾತು. 72 ಅಡಿ ಉದ್ದ, 50 ಅಡಿ ಅಗಲದ ಗೋದಾಮು ಎಂದುಕೊಳ್ಳಿ. ಸುತ್ತಲೂ ಗೋಡೆಯಿಂದ 3 ಅಡಿ ಬಿಟ್ಟು, ನಡುವೆ 6 ಅಡಿಯ ದಾರಿ, ಅದಕ್ಕೆ ಅಡ್ಡವಾಗಿ 4 ಅಡಿಯ ಓಣಿ ಬಿಟ್ಟರೆ ಸರಿಯಾಗಿ ನಾಲ್ಕು ಅಟ್ಟಿ ಹಿಡಿಯುತ್ತವೆ. 3600 ಚದರ ಅಡಿಯಲ್ಲಿ 1200 ಖಾಲಿ! ಮೂರರಲ್ಲಿ ಒಂದು ಪಾಲು ದಂಡ ಎನ್ನಿಸಬಹುದು. ಆದರೆ ಹುಳು ಹತ್ತಿದಾಗ ಇಡೀ ಅಟ್ಟಿಗೆ ತಾಡಪಾಲು ಹೊದಿಸಿ, ಅಂಚಿನ ಮೇಲೆ ಉದ್ದನೆಯ ಮರಳು ಚೀಲ ಇಟ್ಟು, ಒಳಗೆ ವಿಷದ ಅನಿಲ ಕಟ್ಟಿಹಾಕಬೇಕು. ಅಂಚು ನೆಲಕ್ಕೆ ಕೂರಲು ಜಾಗವಿಲ್ಲದಿದ್ದರೆ ಅನಿಲ ಸೋರಿ ಹುಳು ಉಳಿಯುತ್ತದೆ. ಗೋಡೆಗೆ ಒರಗಿದ ಚೀಲ ಗೋಡೆಯ ತೇವ ಹೀರುತ್ತದೆ, ಅದರ ಹಿಂದೆ ಇಲಿ ಮನೆ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕೂ ಬದಿ ಕಣ್ಣಿಗೆ ಬೀಳದ ಅಟ್ಟಿಯನ್ನು ಎಣಿಸಲಾಗುವುದಿಲ್ಲ.

ಇಷ್ಟಾದರೂ ಗುಣಾಕಾರಕ್ಕೆ ಕಾಣದ ಒಂದು ಜಾಗವಿದೆ, ಅಟ್ಟಿಯ ಹೊಟ್ಟೆ. ನಡುವೆ ವರಸೆಗೆ ನಾಲ್ಕು ಚೀಲದಂತೆ ಹತ್ತು ವರಸೆ ಬಿಟ್ಟು ಮೇಲೆ ಮುಚ್ಚಿದರೆ 40 ಮೂಟೆ, ಎರಡು ಟನ್ ಅಕ್ಕಿ ಮಾಯ. ಹೊರಗಿನಿಂದ ಲೆಕ್ಕ ಮಾತ್ರ 2832 ಎಂದೇ ಹೇಳುತ್ತದೆ. ಅದಕ್ಕೇ ಅನುಭವಸ್ಥರು ಸುತ್ತು ಬಂದು ಸುಮ್ಮನಾಗದೆ ಅಟ್ಟಿಯ ನೆತ್ತಿಗೆ ಹತ್ತುತ್ತಾರೆ. ಟೊಳ್ಳಿನ ಮೇಲೆ ಕೂತ ಚೀಲಗಳು ನಾಲ್ಕಾರು ದಿನದಲ್ಲೇ ಜಗ್ಗಿ, ನಡುವೆ ತಗ್ಗು ಬೀಳುತ್ತದೆ. ಕಾಲಿಗೆ ಮೆತ್ತಗೆ ಸಿಕ್ಕಿದ ಕಡೆ ನಾಲ್ಕು ಚೀಲ ಎತ್ತಿಸಿ ನೋಡುತ್ತಾರೆ. ಮಗ್ಗಿ ಸುಳ್ಳು ಹೇಳಿದ ಕಡೆ ನಿಜ ಹೇಳುವುದು ಅಂಗಾಲು.